ಬಾಲದಲ್ಲಿ ಬರುವ ಕ್ರಿಯಾಪದ

ಹತ್ತನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಬಹು ಆಯ್ಕೆ ವಿಭಾಗದಲ್ಲಿ ಬರುವ ಒಂದು ಅಂಕದ ಪುಟ್ಟ ಪ್ರಶ್ನೆಯೊಂದು ಕರ್ನಾಟಕದ ಮಕ್ಕಳಿಗೆ ಚಿರಪರಿಚಿತ. ಇಬ್ಬರು ಗೆಳೆಯರ ಎರಡು ಸಾಲಿನ ಮಾತುಕತೆ. ಒಂದು ಸಾಲಿನ ಕೊನೆಯಲ್ಲಿ ಅಲ್ಪವಿರಾಮ, ಅದರ ಮುಂದೆ ಖಾಲಿ ಗೆರೆ. ಅಲ್ಲಿಗೆ ಸರಿಹೊಂದುವ ಕ್ವೆಶ್ಚನ್ ಟ್ಯಾಗ್ ಆರಿಸಿ ಬರೆಯಬೇಕು. ವಾಕ್ಯ ‘ರಾಜು ಪ್ಲೇಸ್ ಕ್ರಿಕೆಟ್ ವೆಲ್’ ಎಂದಿಟ್ಟುಕೊಳ್ಳಿ. ಕೊಟ್ಟಿರುವ ಆಯ್ಕೆಗಳು ನಾಲ್ಕು: ‘ಈಸಂಟ್ ಹಿ’, ‘ಡಸ್ ಹಿ’, ‘ಡಿಡಂಟ್ ಹಿ’, ‘ಡಸಂಟ್ ಹಿ’.

ಸರಿಯುತ್ತರ ಕೊನೆಯದು. ಆದರೆ ಉಳಿದ ಮೂರನ್ನೂ ಪ್ರಶ್ನೆ ತೆಗೆಯುವವರು ಸುಮ್ಮನೆ ಜಾಗ ತುಂಬಲು ಬರೆದಿರುವುದಿಲ್ಲ. ಒಂದೊಂದೂ ಒಂದೊಂದು ಬಗೆಯ ತಪ್ಪಿಗೆ ಒಡ್ಡಿದ ಬಲೆ. ‘ಈಸಂಟ್ ಹಿ’ ಬರೆದವನಿಗೆ ವಾಕ್ಯದ ಕ್ರಿಯಾಪದ ಯಾವುದೆಂದು ತಿಳಿದಿಲ್ಲ. ‘ಡಸ್ ಹಿ’ ಬರೆದವನಿಗೆ ಕ್ರಿಯಾಪದ ಸಿಕ್ಕಿದೆ, ಹೌದು–ಇಲ್ಲ ಅದಲುಬದಲು ಮಾಡುವುದು ಮರೆತಿದೆ. ‘ಡಿಡಂಟ್ ಹಿ’ ಬರೆದವನು ಎರಡನ್ನೂ ಸರಿ ಮಾಡಿ ಕಾಲದಲ್ಲಿ ಎಡವಿದ್ದಾನೆ. ಒಳ್ಳೆಯ ಮೇಷ್ಟ್ರು ಮಗುವಿನ ತಪ್ಪು ಉತ್ತರ ನೋಡಿಯೇ ಅದು ಎಲ್ಲಿ ದಾರಿ ತಪ್ಪಿತೆಂದು ಹೇಳಬಲ್ಲರು. ಇಷ್ಟು ಸಣ್ಣ ಜಾಗದಲ್ಲಿ ಕಲಿಕೆಯ ತೊಡಕನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಅಭ್ಯಾಸ ಇಂಗ್ಲಿಷ್ ವ್ಯಾಕರಣದಲ್ಲಿ ಬೇರೆ ಇಲ್ಲವೆಂದೇ ಹೇಳಬಹುದು.

ಕನ್ನಡದ ಮಕ್ಕಳು ಇಲ್ಲಿ ತಡವರಿಸುವುದಕ್ಕೆ ಕಾರಣವಿದೆ. ಹೇಳಿದ ಮಾತಿಗೆ ಎದುರಿನವರ ಒಪ್ಪಿಗೆ ಕೇಳಲು ಕನ್ನಡದಲ್ಲಿ ‘ಅಲ್ವಾ’ ಸಾಕು. ‘ನೀನು ನಾಳೆ ಬರ್ತೀಯ ಅಲ್ವಾ’, ‘ಅವರು ಹೋದ್ರು ಅಲ್ವಾ’, ‘ನಿಮಗೆ ಕಾಫಿ ಆಗಲ್ಲ ಅಲ್ವಾ’ ಎನ್ನುವಾಗ ಕರ್ತೃ, ಕಾಲ, ವಚನ ಯಾವುದು ಬದಲಾದರೂ ಬಾಲ ಬದಲಾಗುವುದಿಲ್ಲ. ಬೇಕಾದರೆ ‘ತಾನೇ’ ಎನ್ನಬಹುದು, ಅದೂ ಹಾಗೆಯೇ ಅಚಲ. ಫ್ರೆಂಚರ ‘ನೆಸ್ ಪಾ’, ಜರ್ಮನರ ‘ನಿಷ್ಟ್ ವಾರ್’ ಕೂಡ ಇದೇ ಜಾತಿಯವು. ಇಂಗ್ಲಿಷ್ ಮಾತ್ರ ಪ್ರತಿಯೊಂದು ವಾಕ್ಯಕ್ಕೂ ಹೊಸದಾಗಿ ಬಾಲ ಕಟ್ಟುತ್ತದೆ. ಮುಂದಿರುವ ವಾಕ್ಯದಿಂದ ಸಹಾಯಕ ಕ್ರಿಯಾಪದವನ್ನು ಹೆಕ್ಕಿ ತರಬೇಕು, ವಾಕ್ಯ ಹೌದೆಂದರೆ ಬಾಲದಲ್ಲಿ ‘ನಾಟ್’ ಸೇರಿಸಬೇಕು, ಇಲ್ಲವೆಂದರೆ ‘ನಾಟ್’ ತೆಗೆಯಬೇಕು, ಕರ್ತೃವಿನ ಜಾಗಕ್ಕೆ ಸರ್ವನಾಮ ಇಡಬೇಕು. ಈ ಮೂರೂ ನಿರ್ಧಾರ ಮಾತಾಡುತ್ತಿರುವಾಗಲೇ ಕ್ಷಣದಲ್ಲಿ ಆಗಬೇಕು.

ಮೂರರಲ್ಲಿ ನಿಜವಾಗಿ ಕಷ್ಟದ್ದು ಮೊದಲನೆಯದು, ಸಹಾಯಕ ಕ್ರಿಯಾಪದವನ್ನು ಕಂಡುಹಿಡಿಯುವುದು. ಗೈಡುಗಳು ಇದಕ್ಕೆ ಉದ್ದನೆಯ ಪಟ್ಟಿ ಕೊಡುತ್ತವೆ: ‘ಈಸ್’ಗೆ ‘ಈಸಂಟ್’, ‘ಕ್ಯಾನ್’ಗೆ ‘ಕಾಂಟ್’, ‘ವಿಲ್’ಗೆ ‘ವೋಂಟ್’ ಹೀಗೆ. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಅದು ಕೈಕೊಡುವುದು ಸಹಾಯಕ ಕ್ರಿಯಾಪದ ಕಣ್ಣಿಗೆ ಕಾಣದ ವಾಕ್ಯದಲ್ಲಿ. ಅದಕ್ಕಿಂತ ಗಟ್ಟಿಯಾದ ದಾರಿಯೊಂದಿದೆ. ಕೊಟ್ಟ ವಾಕ್ಯವನ್ನು ಮನಸ್ಸಿನಲ್ಲೇ ಹೌದು–ಇಲ್ಲ ಉತ್ತರ ಬಯಸುವ ಪ್ರಶ್ನೆಯಾಗಿ ತಿರುಗಿಸಬೇಕು. ಆಗ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುವ ಪದ ಯಾವುದೋ ಅದೇ ಟ್ಯಾಗಿಗೆ ಬೇಕಾದ ಪದ. ‘ದೇ ಆರ್ ವೇಯ್ಟಿಂಗ್’ ಎಂಬುದು ‘ಆರ್ ದೇ ವೇಯ್ಟಿಂಗ್?’ ಆಗುತ್ತದೆ. ಮುಂದೆ ಬಂದದ್ದು ‘ಆರ್’, ಹಾಗಾಗಿ ಟ್ಯಾಗ್ ‘ಆರಂಟ್ ದೇ’. ‘ಶಿ ಶುಡ್ ಹ್ಯಾವ್ ಬೀನ್ ಟೋಲ್ಡ್’ ಎಂಬಲ್ಲಿ ‘ಶುಡ್’, ‘ಹ್ಯಾವ್’, ‘ಬೀನ್’ ಎಂದು ಮೂರು ಸಹಾಯಕಗಳು ಸಾಲಾಗಿ ನಿಂತಿವೆ. ಪಟ್ಟಿ ಬಾಯಿಪಾಠ ಮಾಡಿದವನು ಯಾವುದನ್ನು ಹಿಡಿಯಲಿ ಎಂದು ತಬ್ಬಿಬ್ಬಾಗುತ್ತಾನೆ. ಪ್ರಶ್ನೆ ಮಾಡಿ ನೋಡಿದವನಿಗೆ ‘ಶುಡ್ ಶಿ ಹ್ಯಾವ್ ಬೀನ್ ಟೋಲ್ಡ್?’ ಎಂದು ‘ಶುಡ್’ ತಾನಾಗಿ ಮುಂದೆ ಬರುತ್ತದೆ. ಸಾಲಿನಲ್ಲಿ ಎಷ್ಟೇ ಇರಲಿ, ಕೆಲಸ ಮಾಡುವುದು ಮೊದಲನೆಯದೇ.

ಈಗ ರಾಜುವಿನ ಕ್ರಿಕೆಟ್ಟಿಗೆ ಬರೋಣ. ‘ರಾಜು ಪ್ಲೇಸ್ ಕ್ರಿಕೆಟ್’ ಎಂಬಲ್ಲಿ ಸಹಾಯಕ ಎಂಬುದೇ ಇಲ್ಲ. ಆದರೂ ಪ್ರಶ್ನೆ ಮಾಡಿದರೆ ‘ಡಸ್ ರಾಜು ಪ್ಲೇ ಕ್ರಿಕೆಟ್?’ ಎಂದು ಎಲ್ಲಿಂದಲೋ ‘ಡಸ್’ ಹುಟ್ಟಿಕೊಂಡಿತು. ‘ಪ್ಲೇಸ್’ ಪದದ ಕೊನೆಯಲ್ಲಿದ್ದ ಎಸ್ ಏನಾಯಿತು ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ. ಅದು ಅಲ್ಲಿಂದ ಎದ್ದು ‘ಡು’ಗೆ ಅಂಟಿಕೊಂಡು ‘ಡಸ್’ ಆಗಿದೆ, ‘ಪ್ಲೇ’ ಬರಿದಾಗಿ ಉಳಿದಿದೆ. ಭೂತಕಾಲದಲ್ಲೂ ಇದೇ ಕಥೆ. ‘ಪ್ಲೇಡ್’ ಎಂಬುದರ ಭೂತಕಾಲದ ಗುರುತು ‘ಡಿಡ್’ ಆಗಿ ಮುಂದೆ ಬರುತ್ತದೆ. ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಗಳಿಗೆ ತಮ್ಮಷ್ಟಕ್ಕೆ ತಾವು ಪ್ರಶ್ನೆಯಾಗುವ ಶಕ್ತಿ ಇಂದು ಇಲ್ಲ. ಅವುಗಳ ಪರವಾಗಿ ‘ಡು’ ನಿಂತು ಮಾತಾಡುತ್ತದೆ.

ಹಿಂದೆ ಹೀಗಿರಲಿಲ್ಲ. 1600ರ ಆಸುಪಾಸಿನಲ್ಲಿ, ಶೇಕ್ಸ್‌ಪಿಯರ್ ನಾಟಕ ಬರೆಯುತ್ತಿದ್ದ ಕಾಲಕ್ಕೆ, ‘ನೋ ಯು ಹಿಮ್?’ ಎಂದು ಕ್ರಿಯಾಪದವನ್ನೇ ಮುಂದಿಟ್ಟು ಕೇಳುವ ರೂಢಿಯೂ ಇತ್ತು, ‘ಡು ಯು ನೋ ಹಿಮ್?’ ಎನ್ನುವ ರೂಢಿಯೂ ಇತ್ತು. ಎರಡೂ ಒಂದೇ ನಾಟಕದಲ್ಲಿ ಸಿಗುತ್ತವೆ. ಕಾಲ ಸರಿದಂತೆ ಎರಡನೆಯದು ಗೆದ್ದಿತು. ಇವತ್ತಿನ ಟ್ಯಾಗಿನಲ್ಲಿ ‘ಡಸಂಟ್’, ‘ಡಿಡಂಟ್’ ಬರುವುದು ಆ ಗೆಲುವಿನ ಫಲ.

ಈ ‘ಡು’ ಸಂಗತಿಯಲ್ಲಿ ಜಾಣ ಮಕ್ಕಳೂ ಜಾರುವ ಒಂದು ಜಾಗವಿದೆ. ‘ಶಿ ಪುಟ್ ದ ಕೀ ಆನ್ ದ ಟೇಬಲ್’ ಎಂಬ ವಾಕ್ಯಕ್ಕೆ ಟ್ಯಾಗ್ ಏನು? ‘ಪುಟ್’ ವರ್ತಮಾನದಲ್ಲೂ ಪುಟ್, ಭೂತದಲ್ಲೂ ಪುಟ್. ಅವಸರದಲ್ಲಿ ಕೈ ‘ಡಸಂಟ್ ಶಿ’ ಎಂದು ಬರೆಯುತ್ತದೆ. ಕರ್ತೃ ‘ಶಿ’ ಇರುವಾಗ ವರ್ತಮಾನವಾಗಿದ್ದರೆ ‘ಪುಟ್ಸ್’ ಎಂದು ಇರಲೇಬೇಕಿತ್ತು. ಎಸ್ ಇಲ್ಲ ಎಂದ ಮೇಲೆ ಅದು ಭೂತಕಾಲವೇ, ಟ್ಯಾಗ್ ‘ಡಿಡಂಟ್ ಶಿ’. ‘ಕಟ್’, ‘ಹಿಟ್’, ‘ಶಟ್’, ‘ಲೆಟ್’ ಎಲ್ಲಕ್ಕೂ ಇದೇ ಪರೀಕ್ಷೆ. ಕರ್ತೃ ‘ದೇ’ ಆಗಿದ್ದರೆ ಈ ಸುಳಿವೂ ಸಿಗುವುದಿಲ್ಲ. ಆಗ ‘ಯೆಸ್ಟರ್‌ಡೇ’, ‘ಎವ್ರಿ ಡೇ’ಯಂಥ ಪದಗಳನ್ನು ಹುಡುಕಬೇಕು. ಅವೂ ಇಲ್ಲದಿದ್ದರೆ ಎರಡು ಉತ್ತರವೂ ಸರಿ, ತಪ್ಪು ಪ್ರಶ್ನೆ ತೆಗೆದವರದು.

ಇನ್ನೊಂದು ಗೋಜಲು ಸಂಕ್ಷಿಪ್ತ ರೂಪಗಳದು. ಇಂಗ್ಲಿಷಿನಲ್ಲಿ ‘ಹಿ’ ಬರೆದು, ಮೇಲೊಂದು ಅಪಾಸ್ಟ್ರಫಿ ಇಟ್ಟು, ಎಸ್ ಬರೆದರೆ ಅದು ‘ಹಿ ಈಸ್’ ಇರಬಹುದು, ‘ಹಿ ಹ್ಯಾಸ್’ ಕೂಡ ಇರಬಹುದು. ನಿರ್ಧಾರ ಮುಂದಿನ ಪದದ ಕೈಯಲ್ಲಿದೆ. ಮುಂದೆ ‘ಸ್ಲೀಪಿಂಗ್’ ಅಥವಾ ‘ಟಾಲ್’ ಬಂದರೆ ‘ಈಸಂಟ್ ಹಿ’. ‘ಈಟನ್’ ಅಥವಾ ‘ಬೀನ್’ ಬಂದರೆ ‘ಹ್ಯಾಸಂಟ್ ಹಿ’. ಅಪಾಸ್ಟ್ರಫಿಯ ಮುಂದೆ ಡಿ ಇದ್ದರೆ ಇನ್ನೂ ಎಚ್ಚರ ಬೇಕು, ಅದು ‘ಹ್ಯಾಡ್’ ಆಗಬಹುದು, ‘ವುಡ್’ ಆಗಬಹುದು. ಮುಂದೆ ‘ಲೈಕ್’ ಇದ್ದರೆ ‘ವುಡಂಟ್’, ‘ಸೀನ್’ ಇದ್ದರೆ ‘ಹ್ಯಾಡಂಟ್’. ‘ಬೆಟರ್’ ಬಂದಾಗ ಬಹಳ ಮಂದಿ ‘ವುಡಂಟ್’ ಎನ್ನುತ್ತಾರೆ, ಏಕೆಂದರೆ ಅದರ ಅರ್ಥ ‘ಹೋದರೆ ಒಳ್ಳೆಯದು’ ಎಂದು ಮುಂದಿನ ಕಾಲದ ಕಡೆ ನೋಡುತ್ತದೆ. ಆದರೆ ಆ ನುಡಿಗಟ್ಟು ‘ಹ್ಯಾಡ್ ಬೆಟರ್’. ‘ಯು ಹ್ಯಾಡ್ ಬೆಟರ್ ಗೋ ನೌ’ ಎಂಬುದರ ಟ್ಯಾಗ್ ‘ಹ್ಯಾಡಂಟ್ ಯು’.

‘ಹ್ಯಾವ್’ ಪದವನ್ನು ಬಿಡಿಸಿ ನೋಡದಿದ್ದರೆ ಈ ಅಭ್ಯಾಸ ಪೂರ್ತಿಯಾಗದು. ‘ಶಿ ಹ್ಯಾಸ್ ಫಿನಿಷ್ಡ್’ ಎಂಬಲ್ಲಿ ‘ಹ್ಯಾಸ್’ ನಿಜವಾದ ಸಹಾಯಕ, ಟ್ಯಾಗ್ ‘ಹ್ಯಾಸಂಟ್ ಶಿ’. ‘ಶಿ ಹ್ಯಾಸ್ ಟು ಗೋ’ ಎಂಬಲ್ಲಿ ಅರ್ಥ ‘ಹೋಗಲೇಬೇಕು’. ಇದನ್ನು ಪ್ರಶ್ನೆ ಮಾಡಿದರೆ ‘ಡಸ್ ಶಿ ಹ್ಯಾವ್ ಟು ಗೋ?’ ಆಗುವುದರಿಂದ ಟ್ಯಾಗ್ ‘ಡಸಂಟ್ ಶಿ’. ‘ಶಿ ಹ್ಯಾಡ್ ಲಂಚ್ ಅಟ್ ವನ್’ ಎಂಬಲ್ಲಿ ‘ಹ್ಯಾಡ್’ ಎಂದರೆ ಉಂಡಳು, ಅದೊಂದು ಸಾಮಾನ್ಯ ಕ್ರಿಯಾಪದ, ಟ್ಯಾಗ್ ‘ಡಿಡಂಟ್ ಶಿ’. ತಕರಾರು ಇರುವುದು ‘ಶಿ ಹ್ಯಾಸ್ ತ್ರೀ ಬ್ರದರ್ಸ್’ ಎಂಬಂಥ ಒಡೆತನದ ವಾಕ್ಯದಲ್ಲಿ. ಹಳೆಯ ಬ್ರಿಟಿಷ್ ರೂಢಿಯಲ್ಲಿ ‘ಹ್ಯಾಸಂಟ್ ಶಿ’ ಎನ್ನುತ್ತಾರೆ, ಅಮೆರಿಕನ್ನರು ‘ಡಸಂಟ್ ಶಿ’ ಎನ್ನುತ್ತಾರೆ, ಈಗ ಬ್ರಿಟನ್ನಿನಲ್ಲೂ ಎರಡನೆಯದು ಸಾಮಾನ್ಯ. ಈ ಎರಡೂ ರೂಪಗಳನ್ನು ಒಂದೇ ಪ್ರಶ್ನೆಯ ಆಯ್ಕೆಗಳಾಗಿ ಕೊಟ್ಟು ಒಂದನ್ನು ತಪ್ಪೆನ್ನುವುದು ಅನ್ಯಾಯ.

ಎರಡನೆಯ ನಿರ್ಧಾರ ಹೌದು–ಇಲ್ಲದ್ದು. ‘ನಾಟ್’ ಕಂಡರೆ ತೆಗೆಯುವುದು, ಕಾಣದಿದ್ದರೆ ಸೇರಿಸುವುದು ಎಂದು ಹೇಳಿಕೊಟ್ಟರೆ ಹತ್ತರಲ್ಲಿ ಎಂಟು ವಾಕ್ಯ ಸರಿಹೋಗಬಹುದು. ಉಳಿದವು ‘ನಾಟ್’ ಇಲ್ಲದೆಯೇ ‘ಇಲ್ಲ’ ಎನ್ನುವ ವಾಕ್ಯಗಳು. ‘ನೆವರ್’, ‘ನೋಬಡಿ’, ‘ನಥಿಂಗ್’ ಇದ್ದರೆ ಸುಲಭವಾಗಿ ಗೊತ್ತಾಗುತ್ತದೆ. ಮೋಸ ಮಾಡುವವು ‘ಹಾರ್ಡ್ಲಿ’, ‘ಸೆಲ್ಡಮ್’, ‘ರೇರ್ಲಿ’, ‘ಫ್ಯೂ’, ‘ಲಿಟಲ್’ ಎಂಬ ಸಾಧು ಮುಖದ ಪದಗಳು. ‘ಶಿ ಹಾರ್ಡ್ಲಿ ಈಟ್ಸ್ ಎನಿಥಿಂಗ್’ ಎಂದರೆ ಅವಳು ಏನೂ ತಿನ್ನುವುದೇ ಇಲ್ಲ ಎನ್ನುವಷ್ಟು ಕಡಿಮೆ ತಿನ್ನುತ್ತಾಳೆ. ಇಂಗ್ಲಿಷ್ ವ್ಯಾಕರಣ ಇದನ್ನು ಇಲ್ಲದ ಪಕ್ಷಕ್ಕೇ ಸೇರಿಸುತ್ತದೆ, ಟ್ಯಾಗ್ ‘ಡಸ್ ಶಿ’. ‘ಹಾರ್ಡ್’ ಎಂದರೆ ಕಷ್ಟಪಟ್ಟು ಎಂದು ಕಲಿತ ಮಗು ‘ಹಾರ್ಡ್ಲಿ’ಯನ್ನೂ ಹಾಗೆಯೇ ಓದಿಕೊಂಡರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ.

‘ಫ್ಯೂ’ ಮತ್ತು ‘ಎ ಫ್ಯೂ’ ನಡುವಿನ ಅಂತರವನ್ನು ಟ್ಯಾಗಿನಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ. ಸಭೆಗೆ ಆರು ಜನ ಬಂದಿದ್ದರು ಎಂದುಕೊಳ್ಳಿ. ‘ಫ್ಯೂ ಪೀಪಲ್ ಕೇಮ್’ ಎಂದವನು ಜನವೇ ಬರಲಿಲ್ಲ ಎಂದು ಕೊರಗುತ್ತಿದ್ದಾನೆ, ಅವನ ಟ್ಯಾಗ್ ‘ಡಿಡ್ ದೇ’. ‘ಎ ಫ್ಯೂ ಪೀಪಲ್ ಕೇಮ್’ ಎಂದವನು ಒಂದಷ್ಟು ಜನವಾದರೂ ಬಂದರಲ್ಲ ಎಂದು ಸಮಾಧಾನಪಡುತ್ತಿದ್ದಾನೆ, ಅವನ ಟ್ಯಾಗ್ ‘ಡಿಡಂಟ್ ದೇ’. ಎಣಿಕೆ ಇಬ್ಬರದೂ ಒಂದೇ. ಒಂದಕ್ಷರದ ‘ಎ’ ವಾಕ್ಯವನ್ನು ಇಲ್ಲದ ಕಡೆಯಿಂದ ಇರುವ ಕಡೆಗೆ ದಾಟಿಸಿತು.

ಅನುಮಾನ ಬಂದಾಗ ಮಾಡಿ ನೋಡಬಹುದಾದ ಪರೀಕ್ಷೆಯೂ ಇದೆ. ವಾಕ್ಯದ ಮುಂದೆ ‘ನಾನೂ ಅಷ್ಟೆ’ ಎಂಬ ಅರ್ಥದ ಮಾತು ಸೇರಿಸಬೇಕು. ‘ಸೋ ಡು ಐ’ ಹೊಂದಿದರೆ ವಾಕ್ಯ ಹೌದಿನ ಪಕ್ಷ, ‘ನೀದರ್ ಡು ಐ’ ಹೊಂದಿದರೆ ಇಲ್ಲದ ಪಕ್ಷ. ‘ಶಿ ಹಾರ್ಡ್ಲಿ ಈಟ್ಸ್, ಅಂಡ್ ನೀದರ್ ಡು ಐ’ ಎಂಬುದೇ ಸಹಜ. ಅದೇ ‘ಶಿ ಡಿಸ್‌ಲೈಕ್ಸ್ ಮಿಲ್ಕ್’ ಎಂಬುದರ ಮುಂದೆ ‘ಅಂಡ್ ಸೋ ಡು ಐ’ ಬರುತ್ತದೆ. ಅವಳಿಗೆ ಹಾಲು ಇಷ್ಟವಿಲ್ಲ ಎಂಬ ಅರ್ಥದಲ್ಲಿ ‘ಇಲ್ಲ’ ಇದ್ದರೂ ವಾಕ್ಯದ ರಚನೆಯಲ್ಲಿ ಇಲ್ಲ. ಹಾಗಾಗಿ ‘ಡಸಂಟ್ ಶಿ’. ‘ಹಿ ಈಸ್ ಅನ್‌ಹ್ಯಾಪಿ’ ಎಂಬುದಕ್ಕೂ ‘ಈಸಂಟ್ ಹಿ’ ಎಂದೇ ಬರೆಯಬೇಕು. ಪದದ ತಲೆಗೆ ಅಂಟಿದ ‘ಅನ್’, ‘ಡಿಸ್’ ಆ ಪದವನ್ನಷ್ಟೇ ತಿರುಗಿಸುತ್ತವೆ, ವಾಕ್ಯವನ್ನಲ್ಲ.

ಮೂರನೆಯದಾದ ಸರ್ವನಾಮದ ವಿಷಯ ಬೇಗ ಮುಗಿಯುತ್ತದೆ. ‘ದಿಸ್’, ‘ದಟ್’, ‘ನಥಿಂಗ್’, ‘ಎವ್ರಿಥಿಂಗ್’ ಎಲ್ಲಕ್ಕೂ ಬಾಲದಲ್ಲಿ ‘ಇಟ್’. ‘ಎವ್ರಿಬಡಿ’, ‘ಸಮ್‌ಬಡಿ’, ‘ನೋಬಡಿ’ಗಳಿಗೆ ‘ದೇ’. ಕ್ರಿಯಾಪದ ಏಕವಚನದಲ್ಲಿದ್ದರೂ ಟ್ಯಾಗ್ ಬಹುವಚನಕ್ಕೆ ಹಾರುತ್ತದೆ: ‘ಎವ್ರಿಬಡಿ ನೋಸ್ ಹಿಮ್, ಡೋಂಟ್ ದೇ?’ ‘ದೇರ್ ಈಸ್ ಎ ಬಸ್ ಅಟ್ ಸಿಕ್ಸ್’ ಎಂಬಲ್ಲಿ ಬಸ್ಸನ್ನು ಹಿಡಿದು ‘ಈಸಂಟ್ ಇಟ್’ ಎನ್ನಬಾರದು, ‘ಈಸಂಟ್ ದೇರ್’ ಎನ್ನಬೇಕು. ‘ಐ ಆಮ್ ಲೇಟ್’ ಎಂಬುದಕ್ಕೆ ‘ಆರಂಟ್ ಐ’ ಎಂಬ ವಿಚಿತ್ರ ರೂಪವೇ ಶಿಷ್ಟ ಇಂಗ್ಲಿಷಿನಲ್ಲಿ ನೆಲೆಯೂರಿದೆ. ತರ್ಕಕ್ಕೆ ಒಪ್ಪುವ ‘ಆಮಂಟ್ ಐ’ ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಆಡುಮಾತಿನಲ್ಲಿ ಇಂದಿಗೂ ಕೇಳಸಿಗುತ್ತದೆ, ಪರೀಕ್ಷೆಯಲ್ಲಿ ನಡೆಯುವುದಿಲ್ಲ. ‘ಲೆಟ್ಸ್ ಗೋ’ಗೆ ‘ಶಲ್ ವಿ’, ‘ಓಪನ್ ದ ಡೋರ್’ನಂಥ ಆಜ್ಞೆಗೆ ‘ವಿಲ್ ಯು’. ಇವನ್ನು ಕಾರಣ ಹುಡುಕದೆ ನೆನಪಿಟ್ಟುಕೊಳ್ಳುವುದೇ ಮೇಲು.

ಎರಡು ವಾಕ್ಯ ಸೇರಿ ಒಂದಾದ ಕಡೆ ಮಾತ್ರ ಕೊಂಚ ನಿಂತು ಯೋಚಿಸಬೇಕಾಗುತ್ತದೆ. ‘ಶಿ ಥಿಂಕ್ಸ್ ಹಿ ಈಸ್ ಇಲ್’ ಎಂಬಲ್ಲಿ ಮುಖ್ಯ ಸಂಗತಿ ಅವಳು ಯೋಚಿಸುತ್ತಿರುವುದು. ಹಾಗಾಗಿ ‘ಡಸಂಟ್ ಶಿ’. ಅದೇ ‘ಐ ಥಿಂಕ್ ಹಿ ಈಸ್ ಇಲ್’ ಎಂದರೆ ಟ್ಯಾಗ್ ‘ಡೋಂಟ್ ಐ’ ಅಲ್ಲ. ನಾನು ಯೋಚಿಸುತ್ತೇನೋ ಇಲ್ಲವೋ ಎಂದು ಎದುರಿನವರನ್ನು ಕೇಳುವುದರಲ್ಲಿ ಅರ್ಥವಿಲ್ಲ. ಇಲ್ಲಿ ‘ಐ ಥಿಂಕ್’ ಎಂಬುದು ‘ಅನ್ಸುತ್ತೆ’ ಎನ್ನುವ ಹಾಗೆ ಮಾತನ್ನು ಮೃದು ಮಾಡಲು ಬಂದದ್ದು, ಕೇಳಬೇಕಾದ್ದು ಅವನ ಆರೋಗ್ಯ. ಟ್ಯಾಗ್ ‘ಈಸಂಟ್ ಹಿ’. ಇದಕ್ಕೂ ಸೊಗಸಾದದ್ದು ‘ಐ ಡೋಂಟ್ ಥಿಂಕ್ ಹಿ ಈಸ್ ಕಮಿಂಗ್’. ಈ ವಾಕ್ಯದಲ್ಲಿ ‘ನಾಟ್’ ಕುಳಿತಿರುವುದು ಮೊದಲರ್ಧದಲ್ಲಿ, ಅರ್ಥ ಕೊಡುವುದು ಎರಡನೆಯ ಅರ್ಧಕ್ಕೆ: ಅವನು ಬರಲಿಕ್ಕಿಲ್ಲ. ಆದ್ದರಿಂದ ಟ್ಯಾಗ್ ‘ಈಸ್ ಹಿ’. ಕ್ರಿಯಾಪದ ಒಂದು ಕಡೆಯಿಂದ, ‘ಇಲ್ಲ’ ಇನ್ನೊಂದು ಕಡೆಯಿಂದ ಬಂದು ಬಾಲದಲ್ಲಿ ಸೇರುತ್ತವೆ.

ಇಲ್ಲಿಯವರೆಗಿನದು ಪರೀಕ್ಷೆಯ ಮಾತು. ಪರೀಕ್ಷೆಯ ಹೊರಗೆ ಟ್ಯಾಗ್ ಕೇಳುವುದಕ್ಕಿಂತ ಟ್ಯಾಗಿಗೆ ಉತ್ತರ ಕೊಡುವುದೇ ಕನ್ನಡಿಗರಿಗೆ ಹೆಚ್ಚು ಅಪಾಯದ್ದು, ಮತ್ತು ಶಾಲೆಯ ಅಭ್ಯಾಸಗಳಲ್ಲಿ ಅದಕ್ಕೆ ಜಾಗ ತೀರಾ ಕಡಿಮೆ. ವಿದೇಶದ ಆಸ್ಪತ್ರೆಯೊಂದರಲ್ಲಿ ಇಂಜೆಕ್ಷನ್ ಕೊಡುವ ಮುನ್ನ ನರ್ಸ್ ಕೇಳುತ್ತಾಳೆ ಎಂದಿಟ್ಟುಕೊಳ್ಳಿ: ‘ಯು ಆರಂಟ್ ಅಲರ್ಜಿಕ್ ಟು ಪೆನಿಸಿಲಿನ್, ಆರ್ ಯು?’ ಪೆನಿಸಿಲಿನ್ ಅಲರ್ಜಿ ಇಲ್ಲದ ಕನ್ನಡಿಗರೊಬ್ಬರು ಮನಸ್ಸಿನಲ್ಲಿ ‘ಹೌದು, ಇಲ್ಲ’ ಎಂದುಕೊಂಡು ‘ಯೆಸ್’ ಎನ್ನುತ್ತಾರೆ. ನರ್ಸ್ ಕೇಳಿಸಿಕೊಳ್ಳುವುದು ‘ಯೆಸ್, ಐ ಆಮ್’ ಎಂದು, ಅಂದರೆ ಅಲರ್ಜಿ ಇದೆ ಎಂದು. ಈ ಸಲ ಔಷಧಿ ಬದಲಾಗಿ ಹೋಗಬಹುದು. ಅಲರ್ಜಿ ಇರುವವರು ಅದೇ ರೀತಿ ಯೋಚಿಸಿ ‘ನೋ’ ಎಂದರೆ, ಅಂದರೆ ‘ನೀವು ಹೇಳಿದ್ದು ಸರಿಯಲ್ಲ’ ಎಂಬರ್ಥದಲ್ಲಿ ಹೇಳಿದರೆ, ಆಗುವ ಅನಾಹುತ ದೊಡ್ಡದು.

ಇದಕ್ಕೆ ಕಾರಣ ಎರಡು ಭಾಷೆಗಳ ಉತ್ತರಿಸುವ ಕ್ರಮದಲ್ಲೇ ಇದೆ. ಕನ್ನಡದ ‘ಹೌದು’ ಎದುರಿನವರು ಹೇಳಿದ ಮಾತನ್ನು ಒಪ್ಪುತ್ತದೆ. ‘ನೀನು ಊಟ ಮಾಡಿಲ್ಲ ಅಲ್ವಾ’ ಎಂದು ಅಮ್ಮ ಕೇಳಿದರೆ ‘ಹೂಂ, ಮಾಡಿಲ್ಲ’ ಎಂಬುದು ನಮಗೆ ಸಹಜ. ಇಂಗ್ಲಿಷಿನ ‘ಯೆಸ್’, ‘ನೋ’ಗಳಿಗೆ ಕೇಳಿದ ರೀತಿ ಮುಖ್ಯವಲ್ಲ. ಉತ್ತರದ ವಾಕ್ಯ ಹೌದಿನದಾದರೆ ‘ಯೆಸ್’, ಇಲ್ಲದ್ದಾದರೆ ‘ನೋ’. ಊಟ ಮಾಡಿದ್ದರೆ, ಪ್ರಶ್ನೆ ‘ಯು ಹ್ಯಾವ್ ಈಟನ್, ಹ್ಯಾವಂಟ್ ಯು?’ ಇರಲಿ, ‘ಯು ಹ್ಯಾವಂಟ್ ಈಟನ್, ಹ್ಯಾವ್ ಯು?’ ಇರಲಿ, ಉತ್ತರ ‘ಯೆಸ್, ಐ ಹ್ಯಾವ್’. ಮಾಡಿಲ್ಲದಿದ್ದರೆ ಎರಡಕ್ಕೂ ‘ನೋ, ಐ ಹ್ಯಾವಂಟ್’. ‘ಯೆಸ್, ಐ ಹ್ಯಾವಂಟ್’ ಎಂಬ ಜೋಡಿ ಇಂಗ್ಲಿಷ್ ಕಿವಿಗೆ ಗೊಂದಲ. ಜಪಾನಿ ಭಾಷಿಕರಿಗೂ ಇದೇ ತೊಂದರೆ, ಏಕೆಂದರೆ ಅವರ ‘ಹೈ’ ಕೂಡ ಹೇಳಿದ ಮಾತನ್ನೇ ಒಪ್ಪುತ್ತದೆ. ಪಾರಾಗಲು ಒಂದೇ ಉಪಾಯ: ಬರೀ ‘ಯೆಸ್’, ‘ನೋ’ ಹೇಳಿ ಸುಮ್ಮನಾಗದೆ ಸಹಾಯಕ ಕ್ರಿಯಾಪದವನ್ನೂ ಸೇರಿಸಿ ಹೇಳುವುದು. ‘ನೋ, ಐ ಆಮ್ ನಾಟ್ ಅಲರ್ಜಿಕ್’ ಎಂದರೆ ಎಲ್ಲಿಯೂ ತಪ್ಪರ್ಥಕ್ಕೆ ಜಾಗವಿಲ್ಲ.

ಬರೆದ ಅಭ್ಯಾಸದಲ್ಲಿ ಕಾಣದ ಇನ್ನೊಂದು ಸಂಗತಿ ದನಿಯದು. ‘ದ ಟ್ರೇನ್ ಲೀವ್ಸ್ ಅಟ್ ನೈನ್, ಡಸಂಟ್ ಇಟ್?’ ಎಂಬಲ್ಲಿ ಟ್ಯಾಗಿನ ದನಿ ಮೇಲಕ್ಕೆ ಏರಿದರೆ ಹೇಳುವವರಿಗೆ ರೈಲಿನ ಸಮಯ ಖಚಿತವಿಲ್ಲ, ನಿಜಕ್ಕೂ ಉತ್ತರ ಬೇಕು. ದನಿ ಕೆಳಕ್ಕೆ ಇಳಿದರೆ ಸಮಯ ಅವರಿಗೆ ಗೊತ್ತು, ಎದುರಿನವರ ತಲೆದೂಗು ಸಾಕು. ‘ಇಟ್ಸ್ ಹಾಟ್ ಟುಡೇ, ಈಸಂಟ್ ಇಟ್?’ ಎಂದು ಬಸ್ ಸ್ಟಾಪಿನಲ್ಲಿ ಅಪರಿಚಿತರು ಮಾತು ಶುರು ಮಾಡುವಾಗ ದನಿ ಇಳಿಯುತ್ತದೆ. ಅಲ್ಲಿ ದನಿ ಏರಿಸಿದರೆ ಕೇಳಿದವರಿಗೆ ಸೆಕೆಯೇ ಗೊತ್ತಾಗುತ್ತಿಲ್ಲವೇನೋ ಎಂಬ ಅನುಮಾನ ಬರುತ್ತದೆ. ನ್ಯಾಯಾಲಯದ ಪಾಟೀಸವಾಲಿನಲ್ಲಿ ವಕೀಲರು ‘ಯು ವರ್ ಅಟ್ ದ ಶಾಪ್ ದಟ್ ನೈಟ್, ವರಂಟ್ ಯು?’ ಎಂದು ಇಳಿದನಿಯಲ್ಲಿ ಒತ್ತಿ ಹೇಳುವುದೂ ಸಾಕ್ಷಿ ಬಾಯಿಂದ ಒಪ್ಪಿಗೆಯನ್ನು ಎಳೆಯುವುದಕ್ಕೇ. ಒಂದೇ ಬರಹದ ಎರಡು ಅರ್ಥಗಳು ಇವು. ಅಕ್ಷರದಲ್ಲಿ ಎರಡಕ್ಕೂ ಒಂದೇ ಪ್ರಶ್ನಾರ್ಥಕ ಚಿಹ್ನೆ.

ಪಠ್ಯಪುಸ್ತಕಗಳು ತಪ್ಪೆಂದು ಹೊಡೆದುಹಾಕುವ ಒಂದು ರೂಪ ನಿಜದಲ್ಲಿ ತಪ್ಪಲ್ಲ ಎಂಬುದನ್ನೂ ಹೇಳಬೇಕು. ‘ಸೋ ಯು ಆರ್ ಗೆಟಿಂಗ್ ಮ್ಯಾರೀಡ್, ಆರ್ ಯು?’ ಎಂಬಲ್ಲಿ ವಾಕ್ಯವೂ ಹೌದಿನದು, ಟ್ಯಾಗೂ ಹೌದಿನದು. ಇದು ಒಪ್ಪಿಗೆ ಕೇಳುವ ಮಾತಲ್ಲ. ‘ಓಹೋ, ಮದುವೆ ಆಗ್ತಿದ್ದೀಯಾ ಹಾಗಾದ್ರೆ’ ಎಂದು ಈಗ ತಾನೇ ತಿಳಿದದ್ದಕ್ಕೆ ಆಸಕ್ತಿಯನ್ನೋ ಅಚ್ಚರಿಯನ್ನೋ ತೋರುವ ಮಾತು. ದನಿ ಬದಲಾದರೆ ಕೊಂಕೂ ಆಗಬಹುದು. ಇಂಗ್ಲಿಷ್ ಸಿನಿಮಾದಲ್ಲಿ ಇದನ್ನು ಕೇಳಿಸಿಕೊಂಡ ವಿದ್ಯಾರ್ಥಿ ಮೇಷ್ಟ್ರನ್ನು ಕೇಳಿದರೆ ಗದರಿಸಬಾರದು. ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಮಾತ್ರ ಅದನ್ನು ಬರೆಯಬೇಡ ಎಂದರೆ ಸಾಕು.

ಹಾಗೆಯೇ ‘ಯು ಆರ್ ಕಮಿಂಗ್ ಟುಮಾರೋ, ಈಸಂಟ್ ಇಟ್?’ ಎಂಬ ನಮ್ಮ ಭಾರತೀಯ ಇಂಗ್ಲಿಷಿನ ಮಾತು. ‘ಅಲ್ವಾ’, ‘ಹೈ ನಾ’ಗಳ ಜಾಡಿನಲ್ಲಿ ‘ಈಸಂಟ್ ಇಟ್’ ಎಲ್ಲ ವಾಕ್ಯಕ್ಕೂ ಒಗ್ಗುವ ಬಾಲವಾಗಿ ಬೆಳೆದಿದೆ. ಲಂಡನ್ನಿನ ಯುವಕರ ಬಾಯಲ್ಲಿ ಇದೇ ‘ಈಸಂಟ್ ಇಟ್’ ಸವೆದು ‘ಇನ್ನಿಟ್’ ಆಗಿ ಯಾವ ಕರ್ತೃವಿಗಾದರೂ, ಯಾವ ಕಾಲಕ್ಕಾದರೂ ಬಳಕೆಯಾಗುತ್ತಿದೆ. ಭಾಷಾಶಾಸ್ತ್ರಜ್ಞರು ಇವನ್ನು ಆಯಾ ನುಡಿಬಗೆಯ ಲಕ್ಷಣಗಳೆಂದು ದಾಖಲಿಸುತ್ತಾರೆಯೇ ಹೊರತು ಅಜ್ಞಾನವೆಂದು ಅಲ್ಲ. ಆದರೆ ಉದ್ಯೋಗದ ಸಂದರ್ಶನದಲ್ಲಿ, ಲಿಖಿತ ಪರೀಕ್ಷೆಯಲ್ಲಿ ಶಿಷ್ಟ ರೂಪವನ್ನೇ ನಿರೀಕ್ಷಿಸುತ್ತಾರೆ. ಎರಡನ್ನೂ ಬಲ್ಲವರು ಸಂದರ್ಭ ನೋಡಿ ಆರಿಸಿಕೊಳ್ಳಬಲ್ಲರು, ಒಂದನ್ನೇ ಬಲ್ಲವರಿಗೆ ಆ ಅವಕಾಶವಿಲ್ಲ.

ತರಗತಿಯ ಅಭ್ಯಾಸಗಳಿಗೆ ಇದರಿಂದ ಏನು ಬೇಕೆಂಬುದು ಸ್ಪಷ್ಟ. ನಾಲ್ಕು ಆಯ್ಕೆಗಳಲ್ಲಿ ಸರ್ವನಾಮವನ್ನು ನೋಡಿಯೇ ಎರಡನ್ನು ಹೊಡೆದುಹಾಕಿ ಉಳಿದೆರಡರಲ್ಲಿ ಊಹಿಸುವ ಮಗುವಿಗೆ ಅಂಕ ಬರಬಹುದು, ಟ್ಯಾಗ್ ಬರುವುದಿಲ್ಲ. ಇಂಗ್ಲಿಷ್ ಮೇಷ್ಟ್ರು, ಟೀಚರುಗಳಲ್ಲಿ ಒಂದು ಕೋರಿಕೆ. ಟ್ಯಾಗಿನ ಅಭ್ಯಾಸ ಮಾಡಿಸುವಾಗ ಆಯ್ಕೆಗಳನ್ನು ಕೊಡದೆ ವಾಕ್ಯವನ್ನಷ್ಟೇ ಕೊಡಿ. ಅದನ್ನು ಮೊದಲು ಪ್ರಶ್ನೆ ಮಾಡಿಸಿ, ಆಮೇಲೆ ಟ್ಯಾಗ್ ಕಟ್ಟಿಸಿ. ಪಕ್ಕದ ಮಗುವಿನಿಂದ ಅದಕ್ಕೆ ಬಾಯಿಬಿಟ್ಟು ಉತ್ತರ ಹೇಳಿಸಿ, ಬರೀ ‘ಯೆಸ್’ ಎಂದರೆ ಒಪ್ಪಿಕೊಳ್ಳಬೇಡಿ, ‘ಯೆಸ್, ಐ ಹ್ಯಾವ್’ ಎಂದು ಪೂರ್ತಿ ಹೇಳುವವರೆಗೆ ಬಿಡಬೇಡಿ. ಒಂದು ಪೀರಿಯಡ್ಡಿನಲ್ಲಿ ಐವತ್ತು ವಾಕ್ಯ ಮುಗಿಸುವ ಬದಲು ಹತ್ತೇ ವಾಕ್ಯ ಹೀಗೆ ಮಾಡಿಸಿ.